ಮೂರೂವರೆಗೆ ಬರೆದ ಆರು ಸಾಲು

ಹುಟ್ಟುಹಬ್ಬದ ಸಂದೇಶವನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ಸಿದ್ಧಮಾತುಗಳೇ ತುಂಬಿರುವ ಪ್ರಕಾರ ಅದು. ಆದರೆ ಬ್ರೂಕ್‌ಫೀಲ್ಡಿನಲ್ಲಿರುವ ನನ್ನ ಗೆಳತಿ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿರುವ ತನ್ನ ಸಂಗಾತಿಗೆ ಕಳೆದ ಜೂನಿನಲ್ಲಿ ಕಳಿಸಿದ ಆರು ಸಾಲುಗಳನ್ನು ನಾನು ಕೆಲವು ಸಲ ಓದಿದ್ದೇನೆ. ಅವಳ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ. ಅವನು ಜರ್ಮನ್. ಮೂರು ವರ್ಷ ಇಲ್ಲಿದ್ದಾಗ 335ಇ ಬಸ್ಸಿನ ಬೋರ್ಡು ನೋಡಿ ನೋಡಿ ಕನ್ನಡ ಅಕ್ಷರ ಕಲಿತವನು, ಮಾತು ಅರ್ಧಂಬರ್ಧ ಬರುತ್ತದೆ. ಹಾಗಾಗಿ ಜರ್ಮನ್ ನುಡಿಗಳನ್ನೂ ಅವಳು ಕನ್ನಡ ಲಿಪಿಯಲ್ಲೇ ಬರೆದಿದ್ದಾಳೆ:

ಆಲೆಸ್ ಗೂಟೆ ಕಣೋ, ಮೈನ್ ಶಾಟ್ಸ್.
ನಿಮ್ಮೂರಲ್ಲಿ ಈಗ ಹನ್ನೆರಡು ಹೊಡೀತು, ಇಲ್ಲಿ ಮೂರೂವರೆ.
ಬೀದಿನಾಯಿಗಳು ಬಿಟ್ರೆ ನಾನೊಬ್ಳೇ ಎದ್ದಿರೋದು.
ಬೆಳಗ್ಗೆ ಆಫೀಸಿಗೆ ಕೇಕ್ ನೀನೇ ಹೊತ್ಕೊಂಡ್ ಹೋಗ್ತೀಯ, ಪಾಪ.
ಅಮ್ಮ ಪಾಯಸ ಮಾಡ್ತಾರಂತೆ, ನಿನ್ನ ಪಾಲೂ ನಾನೇ ತಿಂತೀನಿ.
ಡು ಫೇಲ್ಸ್ಟ್ ಮಿಯರ್.

ಎರಡನೆಯ ಸಾಲು ಬರೀ ಗಡಿಯಾರದ ಲೆಕ್ಕವಲ್ಲ. ಬೆಂಗಳೂರಿನವರು ರಾತ್ರಿ ಹನ್ನೆರಡಕ್ಕೆ ಸರಿಯಾಗಿ ಶುಭಾಶಯ ಕಳಿಸಿದರೆ ಜೂನಿನಲ್ಲಿ ಅದು ಜರ್ಮನಿಗೆ ಮುಟ್ಟುವುದು ಹಿಂದಿನ ಸಂಜೆ ಎಂಟೂವರೆಗೆ. ಅಲ್ಲಿ ಹುಟ್ಟಿದ ದಿನಕ್ಕೆ ಮೊದಲೇ ಹಾರೈಸುವುದು ಅಪಶಕುನ. ತಡವಾದರೆ ಯಾರಿಗೂ ಬೇಸರವಿಲ್ಲ, ಮುಂಚೆ ಹೇಳಿದರೆ ಮುಖ ಚಿಕ್ಕದಾಗುತ್ತದೆ. ಕೇಕ್ ಹೊರುವ ಮಾತೂ ಅಂಥದ್ದೇ. ಅಲ್ಲಿನ ಆಫೀಸುಗಳಲ್ಲಿ ಹುಟ್ಟುಹಬ್ಬದವರೇ ಉಳಿದವರಿಗೆ ಕೇಕ್ ಒಯ್ಯುತ್ತಾರೆ. ಈ ಎರಡು ಸಾಲಿನಲ್ಲಿ ಒಂದೂ ಜರ್ಮನ್ ಪದವಿಲ್ಲ, ಆದರೂ ಇಡೀ ಸಂದೇಶದಲ್ಲಿ ಅವನ ಊರಿಗೆ ಹತ್ತಿರದ ಸಾಲುಗಳು ಇವೇ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 'ನೀನು'. ಮೊದಲ ಕರಡಿನಲ್ಲಿ ಅವಳು 'ನೀವೇ ಹೊತ್ಕೊಂಡ್ ಹೋಗ್ತೀರ' ಎಂದು ಬರೆದಿದ್ದಳಂತೆ. ಅವಳ ಮನೆಯಲ್ಲಿ ಅಮ್ಮ ಅಪ್ಪನನ್ನು 'ರೀ' ಎಂದೇ ಕರೆಯುವುದು, ಆ ಬಹುವಚನದಲ್ಲಿ ಸಲಿಗೆಯೂ ಇದೆ. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡುವಷ್ಟು ದಿನ ಈ ಪ್ರಶ್ನೆಯೇ ಎದ್ದಿರಲಿಲ್ಲ, ಇಂಗ್ಲಿಷಿನ 'ಯೂ' ಎರಡನ್ನೂ ನುಂಗಿ ಕೂತಿರುತ್ತದೆ. ಜರ್ಮನ್ನಿನಲ್ಲಿ ಮಾತ್ರ ನಮ್ಮಂತೆಯೇ ಎರಡಿವೆ: ಆಪ್ತರಿಗೆ 'ಡು', ದೂರದವರಿಗೆ 'ಝೀ'. ಹೋಲಿಕೆ ಇರುವುದು ಇಷ್ಟೇ. ಅಲ್ಲಿ ಪ್ರೀತಿಸುವವರ ನಡುವೆ 'ಝೀ' ಬಂದರೆ ಒಂದೋ ತಮಾಷೆ, ಇಲ್ಲವೇ ಜಗಳ. ನಮ್ಮಲ್ಲಿ 'ನೀವು' ದಾಂಪತ್ಯದ ಮಾತೂ ಹೌದು. ಕೊನೆಯ ಸಾಲು 'ಡು' ಎಂದು ಶುರುವಾಗುತ್ತದೆ. ಅದಕ್ಕೆ ಎರಡು ಸಾಲು ಮೇಲೆ 'ನೀವು' ಇದ್ದಿದ್ದರೆ ಅದು ಅವನ ಕಿವಿಗೆ 'ಝೀ' ಎಂದೇ ಕೇಳಿಸುತ್ತಿತ್ತು, ಒಂದೇ ಚೀಟಿಯಲ್ಲಿ ಇಬ್ಬರು ಬೇರೆ ಬೇರೆ ಗಂಡಸರಿಗೆ ಬರೆದಂತೆ. ಅವಳು ತಿದ್ದಿದ್ದು ಇದನ್ನು.

ಆ ಕೊನೆಯ ಸಾಲನ್ನು ಪದಕ್ಕೆ ಪದ ಇಟ್ಟರೆ 'ನೀನು ನನಗೆ ಕೊರತೆಯಾಗಿದ್ದೀಯ' ಎಂದಾಗುತ್ತದೆ. 'ಮಿಯರ್' ಎಂದರೆ 'ನನಗೆ'. ಇಂಗ್ಲಿಷಿನ 'ಐ ಮಿಸ್ ಯೂ'ನಲ್ಲಿ 'ನಾನು' ಕರ್ತೃ, ನಾವೂ ಅದನ್ನೇ ಎತ್ತಿಕೊಂಡು 'ನಾನು ನಿನ್ನನ್ನ ಮಿಸ್ ಮಾಡ್ಕೋತೀನಿ' ಎನ್ನುತ್ತೇವೆ, ಅಗಲಿಕೆ ಏನೋ ನಾವು ಮಾಡುವ ಕೆಲಸ ಎಂಬಂತೆ. ಕನ್ನಡದ ಸಹಜ ಮಾತು 'ನನಗೆ ನಿನ್ನ ನೆನಪಾಗುತ್ತೆ'. ಹಸಿವು, ಚಳಿ, ಭಯದ ಹಾಗೆ ಅದು ನನಗೆ ಆಗುವಂಥದ್ದು. ಕನ್ನಡ, ಜರ್ಮನ್ ಎರಡೂ 'ನನಗೆ' ಎಂಬ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ಪಾಯಸದ ಸಾಲಿನಲ್ಲಿ ಖಾಲಿ ಬಿದ್ದ ಪಾಲನ್ನು ತೋರಿಸಿ, ಮರುಸಾಲಿನಲ್ಲೇ 'ಕೊರತೆ' ಎಂದದ್ದರಿಂದ ಜರ್ಮನ್ ವಾಕ್ಯ ಇಲ್ಲಿ ಅಲಂಕಾರವಾಗಿ ಉಳಿದಿಲ್ಲ, ಕನ್ನಡದ ಸಾಲನ್ನು ಮುಂದುವರಿಸಿದೆ.

(ಜರ್ಮನಿಯಿಂದ ಬಂದ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ದೊಡ್ಡ ನಿಘಂಟು ಕನ್ನಡ-ಇಂಗ್ಲಿಷ್. ಈ ಎರಡು ಭಾಷೆಗಳು ಇಂಗ್ಲಿಷಿನ ಹಂಗಿಲ್ಲದೆ ಭೇಟಿಯಾಗುವುದು ಅಂದೂ ಸುಲಭವಿರಲಿಲ್ಲ.)

ಸೋತಿರುವುದು ಮೊದಲ ಸಾಲಿನ ಬಾಲ. 'ಆಲೆಸ್ ಗೂಟೆ' ಎಂದರೆ 'ಎಲ್ಲ ಒಳ್ಳೆಯದಾಗಲಿ', ಜರ್ಮನಿಯ ಪ್ರತಿ ಕಾರ್ಡಿನ ಮೇಲೂ ಇರುವ ಮಾತು. ಅದಕ್ಕೆ 'ಕಣೋ' ಅಂಟಿದ ಕೂಡಲೇ ಅದು ಯಾವ ಅಂಗಡಿಯಲ್ಲೂ ಸಿಗದ ಮಾತಾಗುತ್ತದೆ. ಆದರೆ 'ಮೈನ್ ಶಾಟ್ಸ್', ಅಂದರೆ 'ನನ್ನ ನಿಧಿ', ಅಂಟಿಸಿದ ಸ್ಟಿಕರಿನ ಹಾಗಿದೆ. ಸಂದೇಶದ ಬೇರೆ ಯಾವ ಸಾಲೂ ಅದನ್ನು ಬೇಡುತ್ತಿಲ್ಲ. 'ಚಿನ್ನ' ಎಂಬ ಮಾತು ಕೈಯಲ್ಲೇ ಇರುವಾಗ ಅಲ್ಲಿಂದ ಕಡ ತರಬೇಕಿರಲಿಲ್ಲ. ಹಾಗೆ ಅವಳಿಗೂ ಹೇಳಿದೆ. 'ಅವನಿಗೆ ಅದೇ ಇಷ್ಟ' ಅಂದಳು. ವಿಮರ್ಶಕರಿಗೆ ಇಂಥ ಉತ್ತರ ಹೊಸತಲ್ಲ. ನನ್ನ ಅಭಿಪ್ರಾಯ ಬದಲಾಗಿಲ್ಲ.

ಅವನ ಉತ್ತರ ಹತ್ತೇ ನಿಮಿಷದಲ್ಲಿ ಬಂತು, ಕನ್ನಡದಲ್ಲಿ: 'ನನಗೆ ನಿನ್ನ ನೆನಪು ಇದೆ.' 'ನನಗೆ' ಸರಿಯಾಗಿ ಬಿದ್ದಿದೆ. ತಪ್ಪಿರುವುದು ಕ್ರಿಯಾಪದ. 'ನೆನಪಾಗುತ್ತಿದೆ' ಎನ್ನಬೇಕಿತ್ತು. 'ನೆನಪು ಇದೆ' ಎಂದರೆ ಹತ್ತು ವರ್ಷದ ಮೇಲೆ ಸಿಕ್ಕ ಹಳೆಯ ಮೇಷ್ಟ್ರು 'ನಿನ್ನನ್ನು ಮರೆತಿಲ್ಲಪ್ಪ' ಅಂದಹಾಗೆ. ಅವಳು ಅದನ್ನು ತಿದ್ದಲಿಲ್ಲ.