ಬಯಾಸ್ ಕಟ್ ಎಂದರೆ ನೂಲಿನ ಓರೆ

ಆನ್‌ಲೈನಿನಲ್ಲಿ ಡ್ರೆಸ್ ಕೊಳ್ಳುವವರಿಗೆ ‘ಬಯಾಸ್ ಕಟ್ ಸ್ಯಾಟಿನ್ ಡ್ರೆಸ್’ ಎಂಬ ವಿವರಣೆ ಆಗಾಗ ಕಣ್ಣಿಗೆ ಬೀಳುತ್ತದೆ. ಕತ್ತಿನ ಪಟ್ಟಿಯೋ ಕೆಳಗಿನ ಅಂಚೋ ಓರೆಯಾಗಿರಬೇಕು ಎಂದು ಹಲವರು ಭಾವಿಸುತ್ತಾರೆ. ಓರೆಯಾಗಿರುವುದು ನೂಲು. ಹಾಸು ಮತ್ತು ಹೊಕ್ಕು ನೂಲುಗಳು ಮೈಮೇಲೆ ನೇರ, ಅಡ್ಡವಾಗಿ ಬರದೆ 45 ಡಿಗ್ರಿ ಓರೆಯಲ್ಲಿ ಬರುವಂತೆ ಬಟ್ಟೆಯನ್ನು ಕತ್ತರಿಸಿದ್ದಾರೆ ಎಂದು ಅರ್ಥ. ನಮ್ಮ ಟೈಲರುಗಳು ಇದನ್ನೇ ಕ್ರಾಸ್ ಕಟಿಂಗ್ ಎನ್ನುತ್ತಾರೆ.

ಇದರ ಪರಿಣಾಮ ತಿಳಿಯಲು ಒಂದು ಹತ್ತಿ ಕರವಸ್ತ್ರ ಸಾಕು. ಎದುರುಬದುರಿನ ಎರಡು ಅಂಚುಗಳನ್ನು ಹಿಡಿದು ಎಳೆಯಿರಿ, ಅದು ಹೆಚ್ಚು ಹಿಗ್ಗುವುದಿಲ್ಲ. ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಎಳೆದರೆ ಬಟ್ಟೆ ಹಿಗ್ಗುತ್ತದೆ, ನಡುಭಾಗ ಕಿರಿದಾಗುತ್ತದೆ. ನೂಲು ಉದ್ದವಾಗಿರುವುದಿಲ್ಲ, ನೇಯ್ಗೆಯ ಪುಟ್ಟ ಚೌಕಗಳು ವಾಲಿ ವಜ್ರಾಕೃತಿ ತಾಳಿರುತ್ತವೆ. ಬಯಾಸ್ ಡ್ರೆಸ್ ಎಲಾಸ್ಟಿಕ್ ಇಲ್ಲದೆಯೇ ಸೊಂಟದ ತಿರುವಿಗೆ ಹೊಂದಿಕೊಂಡು, ಮಂಡಿಯ ಕೆಳಗೆ ಮೃದುವಾಗಿ ಇಳಿಬೀಳುವುದು ಇದರಿಂದಲೇ. ಚೂಡಿದಾರ್ ಮೀನಖಂಡಕ್ಕೆ ಅಂಟಿ ಕೂರುವುದಕ್ಕೂ ಇದೇ ಕಾರಣ.

ಇಡೀ ಡ್ರೆಸ್ಸನ್ನೇ ಹೀಗೆ ಕಟ್ಟುವ ಕಲೆಯನ್ನು ಎತ್ತರಕ್ಕೆ ಒಯ್ದವರು ಪ್ಯಾರಿಸ್ಸಿನ ಮಾಡ್‌ಲೆನ್ ವಿಯೊನೆ. 1912ರಲ್ಲಿ ಸ್ವಂತ ಮಳಿಗೆ ತೆರೆದ ಅವರು, ಪುಟ್ಟ ಮರದ ಬೊಂಬೆಯ ಮೇಲೆ ಬಟ್ಟೆ ಹೊದಿಸಿ ಅದು ಬೀಳುವ ಬಗೆಯನ್ನು ಪರೀಕ್ಷಿಸುತ್ತಿದ್ದರು. ಓರೆಯಾಗಿ ಹರಡಿದ ತುಂಡುಗಳಿಗೆ ಸಾಮಾನ್ಯ ಪನ್ನ ಸಾಲದು ಎಂದು ಹೆಚ್ಚು ಅಗಲದ ಕ್ರೇಪ್ ನೇಯಿಸಿಕೊಂಡರು. ಇಂದಿಗೂ ಈ ಕಟಿಂಗಿಗೆ ಬಟ್ಟೆ ಹೆಚ್ಚು ಬೇಕು, ತುಂಡುಗಳ ನಡುವೆ ತ್ರಿಕೋನ ಚೂರುಗಳು ಉಳಿದುಬಿಡುತ್ತವೆ.

ಹಿಗ್ಗುವ ಗುಣವೇ ಹೊಲಿಗೆಗೆ ತೊಡಕು. ಡ್ರೆಸ್ಸನ್ನು ತೂಗುಹಾಕಿದಾಗ ತನ್ನ ಭಾರಕ್ಕೇ ಅದು ಇಳಿಯುತ್ತದೆ, ಆದರೆ ಸುತ್ತಲೂ ಒಂದೇ ಸಮನಾಗಿ ಅಲ್ಲ. ಆದ್ದರಿಂದ ಬಲ್ಲ ಟೈಲರು ಅದನ್ನು ಕನಿಷ್ಠ ಒಂದು ದಿನ ಹಾಗೇ ನೇತುಹಾಕಿ, ಆಮೇಲೆ ನೆಲದಿಂದ ಅಳೆದು ಅಂಚು ಸರಿಮಾಡಿ ಮಡಚಿ ಹೊಲಿಯುತ್ತಾರೆ. ಈ ಹಂತ ಬಿಟ್ಟರೆ ಕೆಲವೇ ದಿನಗಳಲ್ಲಿ ಅಂಚು ಏರುಪೇರಾಗುತ್ತದೆ. ಹೊಲಿಯುವಾಗ ಬಟ್ಟೆಯನ್ನು ಎಳೆದಿದ್ದರೆ ಪಕ್ಕದ ಹೊಲಿಗೆ ಅಲೆ‌ಅಲೆಯಾಗಿ ನಿಲ್ಲುತ್ತದೆ.

ಡ್ರೆಸ್ ಕೈಗೆ ಬಂದಾಗ ಮುಂಭಾಗದ ನಡುವನ್ನು ಬೆಳಕಿಗೆ ಹಿಡಿದು ನೋಡಿ. ನೂಲು ಓರೆಯಾಗಿ ಹಾದುಹೋಗಿರಬೇಕು, ಅಡ್ಡಕ್ಕೆ ಮೆಲ್ಲಗೆ ಎಳೆದರೆ ಹಿಗ್ಗಬೇಕು. ಸ್ಯಾಟಿನ್ನಿನಲ್ಲಿ ನೂಲು ಸುಲಭಕ್ಕೆ ಕಾಣದು; ಒಳಮಗ್ಗುಲಿನ ಬಿಡಿ ಅಂಚಿನಲ್ಲಿ ನೋಡಿದರೆ ತಿಳಿಯುತ್ತದೆ. ಬಟ್ಟೆಯ ವಿವರದಲ್ಲಿ ಎಲಾಸ್ಟೇನ್ ಇದ್ದರೆ ಹಿಗ್ಗುವುದೊಂದನ್ನೇ ನಂಬಬೇಡಿ, ಓರೆ ನೂಲು ಕಂಡರೆ ಮಾತ್ರ ಒಪ್ಪಿ. ಹೆಣಿಗೆಯ ಜರ್ಸಿ ಬಟ್ಟೆಯಾದರೆ ಅದು ಹೇಗಿದ್ದರೂ ಹಿಗ್ಗುತ್ತದೆ. ಅಲ್ಲಿ ಬಯಾಸ್ ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಕೊಂಡ ಮೇಲೆ ಹ್ಯಾಂಗರಿಗೆ ಹಾಕದೆ ಮಡಚಿಡಿ, ಉದ್ದ ಮತ್ತೆ ಇಳಿಯುವುದಿಲ್ಲ.