ಆ್ಯಪ್ ಕೊಡುವ ಅಂಕ, ಪರೀಕ್ಷೆ ಕೇಳುವ ಮಾತು

ಬಸವಕಲ್ಯಾಣ, ಹುಮನಾಬಾದ್ ಸೀಮೆಯವರಿಗೆ ಹೊರದೇಶದ ನೌಕರಿ ಹೊಸದಲ್ಲ. ಸೌದಿಗೋ ದುಬೈಗೋ ಹೋದವರು ಇರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ದಖನಿ ಉರ್ದು ಬಾಯಲ್ಲಿದ್ದರೆ ಅಲ್ಲಿ ಹೇಗೋ ನಡೆಯುತ್ತಿತ್ತು, ಅರಬ್ಬಿಯನ್ನು ಹೋದಮೇಲೆ ನಾಲ್ಕು ಮಾತು ಕಲಿತರಾಗುತ್ತಿತ್ತು. ಜರ್ಮನಿಯ ದಾರಿ ಬೇರೆ. ನರ್ಸಿಂಗ್ ಓದಿದವರನ್ನು ಆ ದೇಶ ಕರೆಯುತ್ತಿದೆ ನಿಜ, ಆದರೆ ಅಲ್ಲಿ ಭಾಷೆ ಮೊದಲು, ಕೆಲಸ ಆಮೇಲೆ. ಅಲ್ಲಿನ ಆಸ್ಪತ್ರೆಯಲ್ಲಿ ಪೂರ್ಣ ಪ್ರಮಾಣದ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಹೊರಡುವ ಮುಂಚೆಯೇ ಬಿ1 ಮುಗಿಸಿರಬೇಕು ಎನ್ನುವ ನೇಮಕಾತಿಗಳೇ ಹೆಚ್ಚು. 2021ರಲ್ಲಿ ಕೇರಳ ಸರ್ಕಾರದ ನೋರ್ಕಾ ಸಂಸ್ಥೆ ಜರ್ಮನಿಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲೂ ಕ್ರಮ ಇದೇ: ಬಿ1ವರೆಗೆ ಇಲ್ಲಿ, ಮುಂದಿನದು ಅಲ್ಲಿ.

ನಮ್ಮ ಕಡೆಯ ಹಳ್ಳಿಯಲ್ಲಿ ಜರ್ಮನ್ ಹೇಳಿಕೊಡುವವರು ಎಲ್ಲಿದ್ದಾರೆ? ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಒಂದು ರಾತ್ರಿಯ ಪ್ರಯಾಣ. ಹೆದ್ದಾರಿ ಹಿಡಿದರೆ ಒಂದು ತುದಿಗೆ ಹೈದರಾಬಾದ್, ಇನ್ನೊಂದು ತುದಿಗೆ ಪುಣೆ. ಎರಡೂ ಕಡೆ ಗೊಯೆಥೆ ಕೇಂದ್ರಗಳಿವೆ, ಆದರೆ ಅಲ್ಲಿ ರೂಮು ಮಾಡಿಕೊಂಡು ತಿಂಗಳುಗಟ್ಟಲೆ ಓದಲು ಕೆಲಸ ಬಿಡಬೇಕು. ಹೀಗಾಗಿ ಫೋನಿನ ಆ್ಯಪೇ ಗುರು ಆಗುತ್ತದೆ. ಆ ಗುರು ನಿಜಕ್ಕೂ ಕಲಿಸುತ್ತಿದೆಯೇ ಎಂದು ತಿಳಿಯುವುದು ಹೇಗೆ ಎಂಬುದೇ ಈ ಬರಹದ ವಿಷಯ.

ನಾರಾಯಣಪುರದ ಒಬ್ಬ ನರ್ಸ್ ಅವರ ಉದಾಹರಣೆ ತೆಗೆದುಕೊಳ್ಳುತ್ತೇನೆ. ಹುಮನಾಬಾದಿನ ಖಾಸಗಿ ಆಸ್ಪತ್ರೆಯಲ್ಲಿ ಕೆಲಸ, ಬಸ್ಸಿನಲ್ಲಿ ಹೋಗಿಬರುವಾಗ ಆ್ಯಪ್. ಒಂದು ದಿನವೂ ತಪ್ಪಿಸದ ಸರಪಳಿ ವರ್ಷ ದಾಟಿದೆ, ವಾರದ ಪಟ್ಟಿಯಲ್ಲಿ ಹೆಸರು ಮೇಲೆಯೇ ಇರುತ್ತದೆ. ಒಂದು ಸಂಜೆ ಗೊಯೆಥೆ ಸಂಸ್ಥೆಯ ಬಿ1 ಮಾದರಿ ಪ್ರಶ್ನೆಪತ್ರಿಕೆಯನ್ನು ಅವರ ಮುಂದೆ ಇಟ್ಟೆವು. ಅದು ಸಂಸ್ಥೆಯ ಜಾಲತಾಣದಲ್ಲಿ ಧ್ವನಿಮುದ್ರಿಕೆ ಸಮೇತ ಉಚಿತವಾಗಿ ಸಿಗುತ್ತದೆ. ಓದುವ ಭಾಗದಲ್ಲಿ ಅವರು ಪಾಸಿನ ಹತ್ತಿರಕ್ಕೆ ಬಂದರು. ಕೇಳುವ ಭಾಗದಲ್ಲಿ ಅರ್ಧವೂ ದಕ್ಕಲಿಲ್ಲ. ಬರೆಯುವ ಭಾಗದ ಮೊದಲ ಪ್ರಶ್ನೆಗೆ, ಗೆಳತಿಗೆ ಎಂಬತ್ತು ಪದಗಳ ಇ-ಮೇಲ್ ಬರೆಯುವುದಕ್ಕೆ, ಮೂರು ವಾಕ್ಯ ಬರೆದು ಪೆನ್ನು ಕೆಳಗಿಟ್ಟರು. "ಆ್ಯಪ್‌ನ್ಯಾಗ ಎಲ್ಲಾ ಬರ್ತದ್ರಿ ಸರ್, ಇಲ್ಲಿ ನಂದೇ ವಾಕ್ಯ ಮಾಡು ಅಂದ್ರ ಏನೂ ನೆನಪಾಗವಲ್ದು" ಎಂದರು.

ಈ ಮಾತಿನಲ್ಲೇ ರೋಗದ ಗುರುತಿದೆ. ಆ್ಯಪಿನ ಪರದೆಯನ್ನು ಹತ್ತಿರದಿಂದ ನೋಡಿ. ಮೇಲೆ ಇಂಗ್ಲಿಷ್ ವಾಕ್ಯ, ಕೆಳಗೆ ಎಂಟು ಹತ್ತು ಜರ್ಮನ್ ಪದಗಳ ಬಿಲ್ಲೆಗಳು. ಬೇಕಾದ ಪದಗಳೆಲ್ಲ ಆಗಲೇ ಅಲ್ಲಿವೆ, ಜತೆಗೆ ಎರಡು ಮೂರು ಬೇಡದವು. ಕಲಿಯುವವರು ಮಾಡುವ ಕೆಲಸ ಪದವನ್ನು ನೆನಪಿನಿಂದ ಎಳೆದು ತರುವುದಲ್ಲ, ಕಣ್ಣೆದುರು ಇರುವುದನ್ನು ಗುರುತಿಸುವುದು. ಜರ್ಮನ್‌ನಲ್ಲಿ ನಾಮಪದಕ್ಕೆ ಡೆರ್, ಡೀ, ಡಾಸ್ ಎಂಬ ಮೂರು ಲಿಂಗ, ವಿಭಕ್ತಿ ಬದಲಾದರೆ ಅವೂ ಡೆನ್, ಡೆಮ್ ಎಂದು ಬದಲಾಗುತ್ತವೆ. ಬಿಲ್ಲೆಗಳಲ್ಲಿ 'ಡೆಮ್' ಒಂದೇ ಇದ್ದರೆ ತಪ್ಪು ಮಾಡಲು ಜಾಗವೇ ಇಲ್ಲ. ಆ್ಯಪ್ ಪೂರ್ತಿ ಅಂಕ ಕೊಡುತ್ತದೆ, ಕಲಿತವರಿಗೆ ಚತುರ್ಥಿ ಬಂತು ಎಂಬ ನಂಬಿಕೆ ಹುಟ್ಟುತ್ತದೆ. ಮರುದಿನ ಅದೇ ವಾಕ್ಯವನ್ನು ಖಾಲಿ ಹಾಳೆಯ ಮೇಲೆ ಬರೆಸಿದರೆ ಸತ್ಯ ಹೊರಗೆ ಬರುತ್ತದೆ.

ಬಿ1 ಪರೀಕ್ಷೆ ಕೇಳುವುದೇ ಈ ಖಾಲಿ ಹಾಳೆಯನ್ನು. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ ನೂರು ಅಂಕ, ಪ್ರತಿಯೊಂದರಲ್ಲೂ ಅರವತ್ತು ಬರಲೇಬೇಕು. ಒಂದರಲ್ಲಿ ಜಾಸ್ತಿ ಬಂದರೆ ಇನ್ನೊಂದರ ಕೊರತೆಗೆ ಸೇರುವುದಿಲ್ಲ. ಕೇಳುವ ಭಾಗದ ನಾಲ್ಕು ತುಣುಕುಗಳಲ್ಲಿ ಎರಡನ್ನು ಒಂದೇ ಸಲ ಕೇಳಿಸುತ್ತಾರೆ, ನಿಧಾನ ಮಾಡುವ ಗುಂಡಿ ಅಲ್ಲಿಲ್ಲ. ಮಾತಿನ ಭಾಗದಲ್ಲಿ ಎದುರು ಇನ್ನೊಬ್ಬ ಪರೀಕ್ಷಾರ್ಥಿ ಕೂತಿರುತ್ತಾರೆ, ಇಬ್ಬರೂ ಸೇರಿ ಏನಾದರೊಂದು ಕಾರ್ಯಕ್ರಮಕ್ಕೆ ಯೋಜನೆ ಹಾಕಬೇಕು. ಅವರು ಏನು ಹೇಳುತ್ತಾರೋ ಮೊದಲೇ ಗೊತ್ತಿರುವುದಿಲ್ಲ, ಕೇಳಿ, ಒಪ್ಪಿ, ಇಲ್ಲವೇ ಬೇಡ ಎಂದು ಕಾರಣ ಹೇಳಬೇಕು. ಮೈಕಿಗೆ ಒಂದು ವಾಕ್ಯ ಓದಿಸಿ 'ಸರಿ' ಎನ್ನುವ ಆ್ಯಪಿನ ಅಭ್ಯಾಸ ಇದಕ್ಕೆ ಹೊಂದುವುದಿಲ್ಲ.

ಹೊತ್ತಿನ ಲೆಕ್ಕವನ್ನೂ ನೋಡೋಣ. ಬಿ1 ತಲುಪಲು 45 ನಿಮಿಷದ ತರಗತಿಗಳು 350ರಿಂದ 650 ಬೇಕಾಗಬಹುದು ಎಂದು ಗೊಯೆಥೆ ಸಂಸ್ಥೆ ಅಂದಾಜು ಕೊಡುತ್ತದೆ. ಕಡಿಮೆ ಅಂಚು ಹಿಡಿದರೂ 260 ಗಂಟೆ ದಾಟುತ್ತದೆ. ದಿನಕ್ಕೆ ಹದಿನೈದು ನಿಮಿಷ, ಒಂದು ದಿನವೂ ಬಿಡದೆ ಮಾಡಿದರೆ ವರ್ಷಕ್ಕೆ ಸುಮಾರು 91 ಗಂಟೆ. ಅಂದರೆ ಬಿ1ಕ್ಕೇ ಮೂರು ವರ್ಷದ ಹತ್ತಿರ, ಹೆಚ್ಚಿನ ಅಂಚು ಹಿಡಿದರೆ ಐದು ದಾಟುತ್ತದೆ. ಮನೆಗೆಲಸದ ಓದು ಇದರಲ್ಲಿ ಸೇರಿಲ್ಲ. ದಿನ ತಪ್ಪದ ಸರಪಳಿ ಶಿಸ್ತಿನ ಗುರುತು ಹೌದು, ಆದರೆ ಅದು ದಿನಗಳನ್ನು ಎಣಿಸುತ್ತದೆಯೇ ಹೊರತು ಗಂಟೆಗಳನ್ನಲ್ಲ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಸರಪಳಿ ಕಡಿಯಬಾರದೆಂದು ಮಾಡಿದ ಎರಡು ನಿಮಿಷದ ಪಾಠಕ್ಕೂ ಅಲ್ಲಿ ಒಂದು ದಿನದ ಬೆಲೆ ಸಿಗುತ್ತದೆ.

ಆ್ಯಪ್‌ಗಳು ಕೆಲಸ ಮಾಡುತ್ತವೆ ಎನ್ನುವ ಅಧ್ಯಯನಗಳಿಲ್ಲವೇ? ಇವೆ. ಅವನ್ನು ಸರಿಯಾಗಿ ಓದಬೇಕು. ಡ್ಯುಯೊಲಿಂಗೊ ಕಂಪನಿಯ ಸಂಶೋಧಕರ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಸ್ಪ್ಯಾನಿಷ್, ಫ್ರೆಂಚ್ ಆ್ಯಪಿನ ಆರಂಭಿಕ ಹಂತ ಪೂರ್ತಿ ಮುಗಿಸಿದವರು ಓದುವುದರಲ್ಲಿ, ಕೇಳುವುದರಲ್ಲಿ ಅಮೆರಿಕದ ವಿಶ್ವವಿದ್ಯಾಲಯದಲ್ಲಿ ನಾಲ್ಕು ಸೆಮಿಸ್ಟರ್ ಓದಿದವರಿಗೆ ಸಮನಾಗಿದ್ದರು ಎನ್ನುವುದು ಅದರ ಫಲಿತಾಂಶ. ಇದನ್ನು ಸುಳ್ಳು ಎನ್ನುವುದಿಲ್ಲ. ಆದರೆ ಅಲ್ಲಿ ಅಳೆದದ್ದು ಮುಗಿಸಿದವರನ್ನು ಮಾತ್ರ, ಅರ್ಧಕ್ಕೆ ಬಿಟ್ಟವರು ಲೆಕ್ಕದಲ್ಲಿಲ್ಲ. ಆ ಅಧ್ಯಯನ ಮಾತನ್ನೂ ಬರವಣಿಗೆಯನ್ನೂ ಅಳೆದಿಲ್ಲ. ಇಂಗ್ಲಿಷ್ ಬಲ್ಲವರಿಗೆ ಫ್ರೆಂಚ್, ಸ್ಪ್ಯಾನಿಷ್ ಪದಗಳು ಅರ್ಧ ಪರಿಚಿತವೇ. 2019ರಲ್ಲಿ ಶಾನ್ ಲೋವನ್ ಮತ್ತು ಸಂಗಡಿಗರು ಪ್ರಕಟಿಸಿದ ಸಣ್ಣ ಅಧ್ಯಯನ ನಮಗೆ ಹೆಚ್ಚು ಹತ್ತಿರ. ಅದರಲ್ಲಿ ಒಂಬತ್ತು ಜನ ಒಂದು ಸೆಮಿಸ್ಟರ್ ಅವಧಿ ಅದೇ ಆ್ಯಪಿನಲ್ಲಿ ಟರ್ಕಿಶ್ ಕಲಿತರು. ಎಲ್ಲರೂ ಒಂದಿಷ್ಟು ಮುಂದೆ ಹೋದರು, ಹೆಚ್ಚು ಹೊತ್ತು ಕೊಟ್ಟವರು ಹೆಚ್ಚು ಹೋದರು. ಆದರೆ ವಿಶ್ವವಿದ್ಯಾಲಯದ ಮೊದಲ ಸೆಮಿಸ್ಟರಿನ ಪರೀಕ್ಷೆಯಲ್ಲಿ ಪಾಸಾದದ್ದು ಒಬ್ಬರೇ. ಅಳತೆಗೋಲು ಆ್ಯಪಿನ ಹೊರಗಿನದಾದಾಗ ಅಂಕ ಹೀಗೆ ಇಳಿಯುತ್ತದೆ.

ಇನ್ನೊಂದು ತೊಡಕನ್ನು ಯಾರೂ ಹೇಳುವುದಿಲ್ಲ, ಅದು ನಮ್ಮವರಿಗೇ ವಿಶೇಷವಾದದ್ದು. ನಮ್ಮ ನರ್ಸ್ ಜರ್ಮನ್ ಕಲಿಯುತ್ತಿರುವುದು ಇಂಗ್ಲಿಷಿನ ಮೂಲಕ. 'ನನಗೆ ಚಳಿಯಾಗುತ್ತಿದೆ' ಎನ್ನುವುದಕ್ಕೆ ಜರ್ಮನ್ನರು 'ಮಿರ್ ಇಸ್ಟ್ ಕಾಲ್ಟ್' ಎನ್ನುತ್ತಾರೆ. 'ಮಿರ್' ಅಂದರೆ ನನಗೆ. ತಲೆ ಸುತ್ತುತ್ತಿದೆ, ವಾಕರಿಕೆ ಬರುತ್ತಿದೆ ಎಂದು ರೋಗಿ ಹೇಳುವುದೂ ಹೀಗೆಯೇ, ಚತುರ್ಥಿಯಲ್ಲಿ. ಕನ್ನಡದವರಿಗೆ ಇದು ಕೈಗೆ ಸಿದ್ಧವಿರುವ ಜೋಡಣೆ. ಆದರೆ ಆ್ಯಪ್ ಮೇಲೆ ತೋರಿಸುವ ಇಂಗ್ಲಿಷ್ ವಾಕ್ಯ 'ನಾನು' ಎಂದು ಶುರುವಾಗುತ್ತದೆ. ಹಾಗಾಗಿ ಅವರು 'ಇಷ್ ಬಿನ್ ಕಾಲ್ಟ್' ಎಂದು ಬರೆದರು. ಅದನ್ನು ಕೇಳಿದ ಜರ್ಮನ್ನರಿಗೆ ಚಳಿಯಾಗುತ್ತಿದೆ ಎಂಬ ಅರ್ಥ ಬರುವುದಿಲ್ಲ, ತಾನು ಭಾವನೆಯಿಲ್ಲದವಳು ಎಂದು ಹೇಳಿಕೊಂಡಂತಾಗುತ್ತದೆ. ಉಪವಾಕ್ಯದಲ್ಲಿ ಕ್ರಿಯಾಪದವನ್ನು ಕೊನೆಗೆ ಇಡುವ ಜರ್ಮನ್ ರೂಢಿಯೂ ನಮಗೆ ಸಹಜವೇ. ಆ್ಯಪಿನ ಪಾಠ ಮುಗಿದ ಮೇಲೆ ಅದೇ ವಾಕ್ಯವನ್ನು ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು, ಪರದೆ ಮುಚ್ಚಿ, ಕನ್ನಡದಿಂದ ನೇರ ಜರ್ಮನ್‌ಗೆ ಹೇಳುವುದನ್ನು ರೂಢಿ ಮಾಡಿಕೊಂಡರೆ ಈ ತೊಡಕು ಬಹಳಷ್ಟು ಕಳೆಯುತ್ತದೆ.

ಹಾಗಾದರೆ ಯಾವುದು ಕೆಲಸಕ್ಕೆ ಬರುತ್ತದೆ? ಪದ ನೆನಪಿಡಲು ಆ್ಯಪ್ ಒಳ್ಳೆಯದು, ಇದರಲ್ಲಿ ನನಗೆ ಸಂಶಯವಿಲ್ಲ. ಮರೆಯುವ ಹೊತ್ತಿಗೆ ಪದವನ್ನು ಮತ್ತೆ ಎದುರಿಗೆ ತರುವ ಆಂಕಿಯಂಥ ಉಚಿತ ಸಾಧನ, ಅದರಲ್ಲೂ ಡೆರ್-ಡೀ-ಡಾಸ್ ಸಮೇತ ತಾವೇ ಬರೆದುಕೊಂಡ ಚೀಟಿಗಳಾದರೆ, ಬಸ್ಸಿನ ಹೊತ್ತಿಗೆ ಬಹಳ ಯೋಗ್ಯ. ಕಿವಿಗೆ ಡಾಯ್ಚ ವೆಲ್ಲೆಯ 'ನೀಕೋಸ್ ವೇಗ್' ಎಂಬ ಉಚಿತ ವಿಡಿಯೊ ಪಾಠಮಾಲೆ ಬಿ1ವರೆಗೂ ಇದೆ. ಅದರಲ್ಲಿ ಜನ ಜನರೊಂದಿಗೆ ಮಾತಾಡುತ್ತಾರೆ, ಬಿಡಿ ವಾಕ್ಯಗಳಲ್ಲ, ಒಂದು ಕತೆಯೇ ನಡೆಯುತ್ತದೆ. ಜರ್ಮನಿಯ ವಯಸ್ಕರ ಶಿಕ್ಷಣ ಸಂಘದ vhs-Lernportal ಕೂಡ ಉಚಿತ. ಬರೆದದ್ದನ್ನು ತಿದ್ದಲು, ಎದುರು ಕೂತು ಮಾತಾಡಲು ಮಾತ್ರ ಮನುಷ್ಯರೇ ಬೇಕು. ವಾರಕ್ಕೆ ಎರಡು ಗಂಟೆ ವಿಡಿಯೊ ಕರೆಯಲ್ಲಿ ಪಾಠ ಹೇಳುವ ಶಿಕ್ಷಕರಾದರೂ ಸರಿ, ಇದೇ ಪರೀಕ್ಷೆಗೆ ಓದುವ ಕಲಬುರಗಿಯ ಇನ್ನೊಬ್ಬ ನರ್ಸ್ ಆದರೂ ಸರಿ.

ಆ್ಯಪನ್ನು ತೂಗಿ ನೋಡುವ ಕ್ರಮ ಕಷ್ಟದ್ದಲ್ಲ. ಶುರುವಿನಲ್ಲಿ ತಮ್ಮ ಮಟ್ಟದ ಮಾದರಿ ಪತ್ರಿಕೆಯ ಕೇಳುವ ಭಾಗವನ್ನು ಹೊತ್ತು ನೋಡಿಕೊಂಡು ಬರೆಯಬೇಕು. ಆ ಮೇಲೆ ಫೋನಿನ ರೆಕಾರ್ಡರ್ ಹಾಕಿ, ಏನೂ ನೋಡದೆ, ನಿನ್ನೆಯ ಡ್ಯೂಟಿಯಲ್ಲಿ ಏನಾಯಿತೆಂದು ಎರಡು ನಿಮಿಷ ಜರ್ಮನ್‌ನಲ್ಲಿ ಹೇಳಿ ಇಟ್ಟುಕೊಳ್ಳಬೇಕು. ಓದಿದ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತ ಎರಡು ತಿಂಗಳ ನಂತರ ಬೇರೆ ಪತ್ರಿಕೆ, ಮತ್ತೆ ಎರಡು ನಿಮಿಷದ ಮಾತು. ಅದೇ ಪತ್ರಿಕೆಯನ್ನು ಮತ್ತೆ ಬರೆದರೆ ನೆನಪಿನಿಂದ ಅಂಕ ಬರುತ್ತದೆ, ಆದ್ದರಿಂದ ಬೇರೆಯದೇ ಆಗಬೇಕು. ಹಳೆಯ ಧ್ವನಿ, ಹೊಸ ಧ್ವನಿ ಎರಡನ್ನೂ ಕೇಳಿದರೆ ವಾಕ್ಯ ಎಲ್ಲಿ ನಿಲ್ಲುತ್ತಿದೆ, ಭೂತಕಾಲ ಬರುತ್ತಿದೆಯೇ, 'ಏಕೆಂದರೆ' ಎಂದು ಕಾರಣ ಜೋಡಿಸಲು ಆಗುತ್ತಿದೆಯೇ ಎಂದು ಕಲಿಯುವವರಿಗೇ ತಿಳಿಯುತ್ತದೆ. ಐವತ್ತು ಗಂಟೆ ಹಾಕಿದ ಮೇಲೂ ಕೇಳುವ ಅಂಕ, ಮಾತಿನ ಉದ್ದ ಎರಡೂ ಇದ್ದಲ್ಲೇ ಇದ್ದರೆ ಆ್ಯಪಿನ ಪಾಲು ಕಡಿಮೆ ಮಾಡಿ ಆ ಹೊತ್ತನ್ನು ವಿಡಿಯೊಗೆ, ಶಿಕ್ಷಕರಿಗೆ ಕೊಡಬೇಕು. ಪರದೆಯಲ್ಲಿ ಎಷ್ಟು ನಕ್ಷತ್ರ ಬಿದ್ದಿವೆ ಎನ್ನುವುದು ಈ ತೀರ್ಮಾನದಲ್ಲಿ ಬರಬಾರದು.

ನಮ್ಮ ನರ್ಸ್ ಈಗ ಬಿಲ್ಲೆಗಳನ್ನು ಮುಚ್ಚಿ ಕೀಲಿಮಣೆಯಲ್ಲಿ ಉತ್ತರ ಬರೆಯುವ ಆಯ್ಕೆ ಹಾಕಿಕೊಂಡಿದ್ದಾರೆ. ಅಂಕ ಇಳಿದಿದೆ, ಪಟ್ಟಿಯಲ್ಲಿ ಹೆಸರು ಕೆಳಗೆ ಹೋಗಿದೆ, ಬರೆಯುವುದು ಸುಧಾರಿಸಿದೆ. ಹೊರಡುವ ಆಸೆಯಿರುವ ಉಳಿದವರಿಗೆ ನನ್ನ ಕೋರಿಕೆ ಇಷ್ಟು: ಆ್ಯಪ್ ಕೊಡುವ ಪ್ರಮಾಣಪತ್ರ ವೀಸಾ ಕಚೇರಿಯಲ್ಲಿ ನಡೆಯುವುದಿಲ್ಲ, ಅಲ್ಲಿ ಕೇಳುವುದು ಗೊಯೆಥೆ, ಟೆಲ್ಕ್‌ನಂಥ ಮಾನ್ಯ ಸಂಸ್ಥೆಗಳ ಪರೀಕ್ಷೆಯ ಪತ್ರ. ವರ್ಷದ ಚಂದಾ ಕಟ್ಟುವ ಮುಂಚೆ, ಏಜೆನ್ಸಿಗೆ ಮುಂಗಡ ಕೊಡುವ ಮುಂಚೆ, ಒಂದು ಭಾನುವಾರ ಕೂತು ಆ ಉಚಿತ ಮಾದರಿ ಪತ್ರಿಕೆಯನ್ನು ಬರೆದು ನೋಡಿ.