ಸಾರಥಿಯ ಅರ್ಜಿ ಎಲ್ಲಿ ಕೈಕೊಡುತ್ತದೆ

ಹೆಸರಘಟ್ಟದವರು ಯಲಹಂಕ ಆರ್‌ಟಿಒಗೆ ಹೋಗಬೇಕೆಂದರೆ ರಾಜಾನುಕುಂಟೆಯ ಕಡೆಯಿಂದ ದೊಡ್ಡಬಳ್ಳಾಪುರ ರಸ್ತೆ ಹಿಡಿದು ಸಿಂಗನಾಯಕನಹಳ್ಳಿಗೆ ಬರಬೇಕು. ಎಲ್‌ಎಲ್‌ಆರ್ ಮಾಡಿಸಲು ಈಗ ಆ ಓಡಾಟ ಬೇಕಿಲ್ಲ. ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ದೃಢೀಕರಣ ಕೊಟ್ಟು ಅರ್ಜಿ ತುಂಬಿ, ಶುಲ್ಕ ಕಟ್ಟಿ, ಮನೆಯಲ್ಲೇ ಕ್ಯಾಮೆರಾ ಮುಂದೆ ಕೂತು ರಸ್ತೆ ನಿಯಮಗಳ ಪರೀಕ್ಷೆ ಬರೆಯಬಹುದು. ಶೇ. 60ರಷ್ಟು ಉತ್ತರ ಸರಿಯಿದ್ದರೆ ಪಾಸು. ಇನ್ನೊಂದು ಅನುಕೂಲವೂ ಆಗಿದೆ. 2019ರ ತಿದ್ದುಪಡಿಯ ನಂತರ ರಾಜ್ಯದ ಯಾವುದೇ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆ ಅವಕಾಶ ಕೊಡುತ್ತದೆ. ಹೆಸರಘಟ್ಟ ರಸ್ತೆಯ ಕಾಲೇಜಿನಲ್ಲಿ ಓದುತ್ತಿರುವ ಕಲಬುರಗಿಯ ಹುಡುಗ ಲೈಸೆನ್ಸಿಗೆಂದು ಊರಿಗೆ ಹೋಗಬೇಕಾಗಿಲ್ಲ. ಈ ಎರಡೂ ನಿಜವಾದ ಸುಧಾರಣೆಗಳು, ಅದನ್ನು ಮನಸಾರೆ ಒಪ್ಪುತ್ತೇನೆ.

ನನ್ನ ತಕರಾರು ಇರುವುದು ಅರ್ಜಿಯ ರಚನೆಯ ಬಗ್ಗೆ. ಆಮೇಲೆ ಸುಲಭವಾಗಿ ತಿದ್ದಬಹುದಾದ ಕಾಲಂ ಯಾವುದು, ತಿದ್ದಲಾಗದ್ದು ಯಾವುದು ಎಂಬ ವ್ಯತ್ಯಾಸವನ್ನೇ ಈ ಅರ್ಜಿ ತೋರಿಸುವುದಿಲ್ಲ. ಪಿನ್‌ಕೋಡ್ ತುಂಬುವಷ್ಟೇ ಸಲೀಸಾಗಿ ವಾಹನದ ವರ್ಗವನ್ನೂ ಟಿಕ್ ಮಾಡಿಸಿಕೊಳ್ಳುತ್ತದೆ. ಮೊದಲ ಸಲ ಅರ್ಜಿ ಹಾಕುವವರು ಎಡವುವುದು ಅಲ್ಲೇ.

ಒಂದು ಉದಾಹರಣೆ ನೋಡೋಣ. ಹೆಸರಘಟ್ಟದ ಹತ್ತೊಂಬತ್ತರ ಹುಡುಗಿ. ಮನೆಯಲ್ಲಿ ಗೇರಿಲ್ಲದ ಸ್ಕೂಟರ್ ಇದೆ, ಅಪ್ಪನ ಕಾರಿದೆ. ವರ್ಗಗಳ ಪಟ್ಟಿಯಲ್ಲಿ ಅವಳಿಗೆ ಕಾಣುವುದು `MCWOG`, `MCWG`, `LMV`. ಮೊದಲನೆಯದು ಗೇರಿಲ್ಲದ ದ್ವಿಚಕ್ರ, ಎರಡನೆಯದು ಗೇರಿರುವುದು, ಮೂರನೆಯದು ಕಾರು. ಸ್ಕೂಟರ್ ಓಡಿಸುವವಳು ತಾನೆ ಎಂದು `MCWOG` ಆರಿಸಿಕೊಂಡರೆ ಡಿಎಲ್ ಕೂಡ ಅಷ್ಟಕ್ಕೇ ಬರುತ್ತದೆ. ಡಿಎಲ್ ಅರ್ಜಿ ತುಂಬುವಾಗ ಪೋರ್ಟಲ್ ಎಲ್‌ಎಲ್‌ಆರ್‌ನಲ್ಲಿರುವ ವರ್ಗಗಳನ್ನೇ ಎಳೆದುಕೊಳ್ಳುತ್ತದೆ. ಅಲ್ಲಿ ಬಿಡಬಹುದು, ಹೊಸದಾಗಿ ಸೇರಿಸಲು ಬರುವುದಿಲ್ಲ. ಮುಂದೆ ಬೈಕ್ ಬೇಕೆನಿಸಿದರೆ ಅದಕ್ಕೆ ಮತ್ತೆ ಎಲ್‌ಎಲ್‌ಆರ್, ಮತ್ತೆ ಟೆಸ್ಟ್. ಹಾಗಂತ ಎಲ್ಲರೂ `MCWG` ಆರಿಸಿಕೊಳ್ಳಿ ಎಂದು ಹೇಳುವುದೂ ತಪ್ಪು. ಯಾವ ವರ್ಗಕ್ಕೆ ಅರ್ಜಿಯೋ ಆ ವರ್ಗದ ಗಾಡಿಯಲ್ಲೇ ಟೆಸ್ಟ್ ಕೊಡಬೇಕು. ಟೆಸ್ಟ್ ದಿನ ಯಾರಿಂದಾದರೂ ಗೇರ್ ಬೈಕ್ ತಂದು, ಅದರಲ್ಲಿ ಕಾಲೂರದೆ ಎಂಟು ಹಾಕುವಷ್ಟು ಅಭ್ಯಾಸ ಮಾಡಿಕೊಳ್ಳಲು ಆಗುತ್ತದೆಯೇ ಎಂಬುದನ್ನು ಎಲ್‌ಎಲ್‌ಆರ್ ತುಂಬುವ ದಿನವೇ ಯೋಚಿಸಬೇಕು.

ಕಾರಿನ ಕಾಲಂನಲ್ಲಿ ಬೇರೆ ಬಗೆಯ ಗೊಂದಲ. ಮುಂದೆ ಟಾಟಾ ಏಸ್‌ನಂಥ ಗೂಡ್ಸ್ ಗಾಡಿ ಓಡಿಸುವ ಯೋಚನೆಯಿರುವ ಹುಡುಗರು, ಟ್ರಾನ್ಸ್‌ಪೋರ್ಟ್ ವರ್ಗವಿಲ್ಲದೆ ಆಗದು ಎಂದುಕೊಳ್ಳುತ್ತಾರೆ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನ ಓಡಿಸಲು `LMV` ಲೈಸೆನ್ಸೇ ಸಾಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಪ್ರತಿ ವರ್ಗಕ್ಕೂ ದುಡ್ಡಿದೆ. ಕೇಂದ್ರ ನಿಯಮಗಳ ಪ್ರಕಾರ ಎಲ್‌ಎಲ್‌ಆರ್‌ಗೆ ವರ್ಗವೊಂದಕ್ಕೆ 150 ರೂಪಾಯಿ, ಪರೀಕ್ಷೆಗೆ 50. ನಂತರ ಡ್ರೈವಿಂಗ್ ಟೆಸ್ಟಿಗೆ ವರ್ಗವೊಂದಕ್ಕೆ 300, ಲೈಸೆನ್ಸಿಗೆ 200. ನಮ್ಮ ಹುಡುಗಿ ಎರಡು ವರ್ಗ ಆರಿಸಿಕೊಂಡರೆ ಮೊದಲು 350, ಆಮೇಲೆ 800. ಇತರ ಶುಲ್ಕವೇನಾದರೂ ಸೇರಿದರೆ ಪರದೆಯ ಮೇಲಿನ ಮೊತ್ತ ಇದಕ್ಕಿಂತ ಹೆಚ್ಚಿರುತ್ತದೆ.

ವರ್ಗದಷ್ಟೇ ಕಾಡುವುದು ಹೆಸರು. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮುಂದಿದ್ದರೆ ಆಧಾರ್‌ನಲ್ಲಿ ಹಿಂದಿರುತ್ತದೆ, ಇನ್ನು ಕೆಲವರಿಗೆ ಅಪ್ಪನ ಹೆಸರು ಪೂರ್ತಿ ಸೇರಿಕೊಂಡಿರುತ್ತದೆ. ಆಧಾರ್ ಮೂಲಕ ಅರ್ಜಿ ಹಾಕಿದರೆ ಆ ಹೆಸರೇ ತಾನಾಗಿ ಬಂದು ಕೂರುತ್ತದೆ. ಫೋಟೊ ಕೂಡ ಅಲ್ಲಿಂದಲೇ. ಹದಿನೈದು ತುಂಬಿದ ಮೇಲೆ ಆಧಾರ್ ಅಪ್‌ಡೇಟ್ ಮಾಡಿಸದವರದ್ದು ಇನ್ನೂ ಪುಟ್ಟ ಮಗುವಿನ ಮುಖವೇ ಇರುತ್ತದೆ. ಅರ್ಜಿಗೆ ಮೊದಲು ಆಧಾರ್ ಸರಿಮಾಡಿಸಿಕೊಳ್ಳುವುದೇ ಸರಿಯಾದ ಕ್ರಮ. ಮೊಬೈಲ್ ನಂಬರ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬ್ರೋಕರ್ ಕೈಯಲ್ಲೋ ಸೈಬರ್ ಸೆಂಟರಿನಲ್ಲೋ ತುಂಬಿಸಿದಾಗ ಅವರ ನಂಬರ್ ಸೇರಿಬಿಟ್ಟರೆ, ಮುಂದೆ ಓಟಿಪಿ ಬರುವುದೆಲ್ಲ ಅವರಿಗೆ. ಟೆಸ್ಟಿನ ಸ್ಲಾಟ್ ಬದಲಾಯಿಸಬೇಕೆಂದರೂ ಅವರನ್ನೇ ಹುಡುಕಿಕೊಂಡು ಹೋಗಬೇಕು.

ಇಡೀ ಅರ್ಜಿಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವ ಭಾಗ ಫಾರಂ 1, ಅಂದರೆ ದೈಹಿಕ ಕ್ಷಮತೆಯ ಸ್ವಯಂಘೋಷಣೆ. ನಲವತ್ತು ದಾಟಿದವರು ಡಾಕ್ಟರ ಸಹಿಯಿರುವ ಫಾರಂ 1ಎ ಕೊಡಬೇಕು. ಸ್ವಂತ ಗಾಡಿ ಓಡಿಸಲು ಹೊರಟ ಯುವಕರ ಮಾತನ್ನು ಸರ್ಕಾರ ಹಾಗೆಯೇ ನಂಬುತ್ತದೆ. ಮೂರ್ಛೆ ಬರುತ್ತದೆಯೇ, ಇರುಳುಗಣ್ಣಿದೆಯೇ ಎಂದು ಫಾರಂ 1 ಕೇಳುತ್ತದೆ. ಒಳ್ಳೆಯ ಹಗಲು ಬೆಳಕಿನಲ್ಲಿ, 25 ಮೀಟರ್ ದೂರದಿಂದ, ಒಂದೊಂದು ಕಣ್ಣಿನಿಂದಲೂ ಕಾರಿನ ನಂಬರ್ ಪ್ಲೇಟ್ ಗುರುತಿಸಬಲ್ಲಿರಾ ಎಂಬುದು ಅದರಲ್ಲೊಂದು ಪ್ರಶ್ನೆ. ಕನ್ನಡಕವಿದ್ದರೆ ಹಾಕಿಕೊಂಡೇ ನೋಡಬಹುದು. ಮನೆ ಮುಂದೆ ನಿಂತ ಕಾರಿನಿಂದ ಮೂವತ್ತು ಮೂವತ್ತೈದು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ಓದಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದಿದರೆ ಉತ್ತರ ಸಿಗುತ್ತದೆ. ತಮಗೆ ಕನ್ನಡಕ ಬೇಕೆಂದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಟಿಕ್ ಹಾಕಿ ಮುಂದೆ ಹೋಗುವ ಸಾಲಾಗಿ ಇಟ್ಟಿರುವುದು ಅರ್ಜಿಯ ದೊಡ್ಡ ಲೋಪ. ಬ್ರೋಕರ್ ತುಂಬಿದರಂತೂ ಹುಡುಗಿಯ ಕಣ್ಣಿನ ಬಗ್ಗೆ ಘೋಷಣೆ ಕೊಡುವವರು ಬೇರೆಯವರೇ.

ಇನ್ನು ಸ್ಲಾಟ್. ಎಲ್‌ಎಲ್‌ಆರ್ ಕೈಗೆ ಬಂದು 30 ದಿನ ಕಳೆಯದೆ ಡ್ರೈವಿಂಗ್ ಟೆಸ್ಟ್ ಇಲ್ಲ. ಎಲ್‌ಎಲ್‌ಆರ್‌ಗೆ ಇರುವ ಆಯುಷ್ಯ ಆರು ತಿಂಗಳು. ನಮ್ಮ ಹುಡುಗಿಗೆ ಜನವರಿ 10ಕ್ಕೆ ಸಿಕ್ಕಿತು ಎಂದಿಟ್ಟುಕೊಂಡರೆ ಫೆಬ್ರವರಿ 9 ಕಳೆದ ಮೇಲೆ ಟೆಸ್ಟಿಗೆ ಹೋಗಬಹುದು, ಜುಲೈ 9ಕ್ಕೆ ಅವಧಿ ಮುಗಿಯುತ್ತದೆ. ಐದು ತಿಂಗಳಿದೆಯಲ್ಲ ಎಂದು ಬಹಳ ಮಂದಿ ಡಿಗ್ರಿ ಪರೀಕ್ಷೆಯೆಲ್ಲ ಮುಗಿಸಿ ಜೂನ್ ಕೊನೆಯಲ್ಲಿ ಸ್ಲಾಟ್ ಹುಡುಕುತ್ತಾರೆ. ಆಗ ಸಿಗುವುದು ಜುಲೈ ಮೊದಲ ವಾರ. ಜುಲೈ 4ರಂದು ಟೆಸ್ಟ್ ಕೊಟ್ಟು, ಕಾರಿನ ರಿವರ್ಸ್‌ನಲ್ಲಿ ತಪ್ಪಿ ಫೇಲಾದರೆ, ಕಾಯ್ದೆಯ 9ನೇ ಕಲಂ ಪ್ರಕಾರ ಏಳು ದಿನ ಕಳೆದ ಮೇಲೆಯೇ ಮರುಪರೀಕ್ಷೆ. ಅಷ್ಟರಲ್ಲಿ ಎಲ್‌ಎಲ್‌ಆರ್ ಮುಗಿದುಹೋಗಿರುತ್ತದೆ. ಹೊಸ ಎಲ್‌ಎಲ್‌ಆರ್, ಹೊಸ ಶುಲ್ಕ, ಮತ್ತೆ 30 ದಿನ. ಮೂರು ಸಲ ಫೇಲಾದವರು 60 ದಿನ ಕಾಯಬೇಕೆಂಬುದೂ ಅದೇ ಕಲಂನಲ್ಲಿದೆ.

ಆದ್ದರಿಂದ ಅವಳು ಸ್ಲಾಟ್ ತೆಗೆದುಕೊಳ್ಳಬೇಕಾದದ್ದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಎಲ್ ಬೋರ್ಡ್ ಹಾಕಿದ ಕಾರಿನಲ್ಲಿ ಪಕ್ಕಕ್ಕೆ ಲೈಸೆನ್ಸಿರುವವರನ್ನು ಕೂರಿಸಿಕೊಂಡು ಅಭ್ಯಾಸ. ಸ್ಕೂಟರಿನ ಹಿಂದೆ ಲೈಸೆನ್ಸಿರುವ ಕಲಿಸುವವರನ್ನು ಬಿಟ್ಟು ಇನ್ಯಾರನ್ನೂ ಕೂರಿಸುವಂತಿಲ್ಲ. ಟೆಸ್ಟಿಗೆ ತರುವ ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಚಾಲ್ತಿಯಲ್ಲಿವೆಯೇ ಎಂದು ಸ್ಲಾಟ್ ಒತ್ತುವ ಮೊದಲೇ ನೋಡಿಕೊಳ್ಳಬೇಕು. ಪೋರ್ಟಲ್ ಇದರಲ್ಲಿ ಒಂದು ಕೆಲಸ ಮಾಡಬಹುದು: ಎಲ್‌ಎಲ್‌ಆರ್ ಮೇಲೆ ಅವಧಿ ಮುಗಿಯುವ ದಿನದ ಪಕ್ಕದಲ್ಲೇ, ಒಂದು ಸಲ ಫೇಲಾದರೂ ಮತ್ತೊಮ್ಮೆ ಟೆಸ್ಟ್ ಕೊಡಲು ಸಮಯ ಉಳಿಯುವಂತೆ ಮೊದಲ ಟೆಸ್ಟಿನ ಕೊನೆಯ ದಿನ ಯಾವುದೆಂದು ಮುದ್ರಿಸಬಹುದು. ಅದಕ್ಕೆ ಬೇಕಾದ ತಾರೀಖುಗಳೆಲ್ಲ ಈಗಾಗಲೇ ಅದರ ಬಳಿ ಇವೆ.